ಸ್ನೇಹಿತರ ಹೆಸರಿನ ನಕಲಿ ಖಾತೆ ಹಣ ಕೇಳಿದಾಗ ಪರಿಶೀಲನೆ ಎಲ್ಲಿ ನಡೆಯಬೇಕು?

ಫೇಸ್‌ಬುಕ್ಕಿನಲ್ಲಿ ಪರಿಚಿತರೊಬ್ಬರ ಹೆಸರು ಮತ್ತು ಫೋಟೊ ಬಳಸಿ ಇನ್ನೊಂದು ಖಾತೆ ತೆರೆದು, ಅವರ ಸ್ನೇಹಿತರಿಂದ ತುರ್ತಾಗಿ ಹಣ ಕೇಳುವ ವಂಚನೆಗೆ ಹೇಳಿಕೊಳ್ಳುವಂಥ ತಾಂತ್ರಿಕ ಜ್ಞಾನವೇನೂ ಬೇಕಾಗಿಲ್ಲ. ಇಲ್ಲಿ ಯಾರ ಪಾಸ್‌ವರ್ಡೂ ಕಳವಾಗಿರುವುದಿಲ್ಲ, ಯಾರ ಖಾತೆಯ ಒಳಗೂ ಯಾರೂ ನುಗ್ಗಿರುವುದಿಲ್ಲ. ಎಲ್ಲರಿಗೂ ಕಾಣುವಂತಿರುವ ಪ್ರೊಫೈಲ್ ಫೋಟೊ, ಕವರ್ ಫೋಟೊ, ಊರು, ಓದಿದ ಶಾಲೆ, ಕೆಲಸದ ಸ್ಥಳ ಇವಿಷ್ಟನ್ನು ಎತ್ತಿಕೊಂಡು ಅದೇ ಹೆಸರಿನಲ್ಲಿ ಹೊಸ ಖಾತೆ ಮಾಡಲು ಕೆಲವು ನಿಮಿಷ ಸಾಕು. ವಂಚಕನಿಗೆ ನಿಜವಾಗಿ ಬೇಕಾಗಿರುವುದು ಫೋಟೊ ಅಲ್ಲ, ಸ್ನೇಹಿತರ ಪಟ್ಟಿ. ಆ ಪಟ್ಟಿ ತೆರೆದಿದ್ದರೆ ಯಾರನ್ನು ನಂಬಿಸಬೇಕು ಎನ್ನುವುದು ಅವನಿಗೆ ಸಿದ್ಧವಾಗಿ ಸಿಗುತ್ತದೆ.

ಮಂಗಳೂರು ಮತ್ತು ಉಡುಪಿಯ ಕಡೆ ಈ ವಂಚನೆ ನಂಬಿಕೆ ಗಿಟ್ಟಿಸಲು ಇಲ್ಲಿಯದೇ ಆದ ಎರಡು ಕಾರಣಗಳಿವೆ. ಬಹುತೇಕ ಪ್ರತಿ ಮನೆಯಿಂದಲೂ ಒಬ್ಬರಾದರೂ ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇರುವುದರಿಂದ, ವರ್ಷಗಟ್ಟಲೆ ಮುಖ ನೋಡದ ಸ್ನೇಹಿತ ಒಂದು ದಿನ ಏಕಾಏಕಿ ಸಂದೇಶ ಕಳುಹಿಸಿದರೆ ಯಾರಿಗೂ ಅಸಹಜವೆನಿಸುವುದಿಲ್ಲ. ಜತೆಗೆ, ಸುತ್ತಲಿನ ಜಿಲ್ಲೆಗಳವರೂ ದೊಡ್ಡ ಚಿಕಿತ್ಸೆಗೆಂದು ಮಣಿಪಾಲಕ್ಕೋ ಮಂಗಳೂರಿಗೋ ಬರುತ್ತಿರುವುದರಿಂದ, ‘ಆಸ್ಪತ್ರೆಯಲ್ಲಿದ್ದೇವೆ, ಹಣ ಕಡಿಮೆ ಬಿದ್ದಿದೆ’ ಎಂಬ ಮಾತು ಇಲ್ಲಿ ನಿಜವಾಗಿಯೂ ಆಗಾಗ ಕೇಳಿಬರುವ ಮಾತು. ಸುಳ್ಳು ನಿಂತಿರುವುದು ಈ ನಿಜದ ಮೇಲೆಯೇ.

ಇಂಥ ವಂಚನೆ ಸಾಗುವ ದಾರಿಯನ್ನು ಕಲ್ಪಿತ ಪ್ರಸಂಗವೊಂದರ ಮೂಲಕ ನೋಡೋಣ. ಕಾಪುವಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ಒಬ್ಬರಿಗೆ, ದುಬೈಯಲ್ಲಿರುವ ಹೈಸ್ಕೂಲ್ ಸಹಪಾಠಿಯ ಹೆಸರಿನಿಂದ ಫ್ರೆಂಡ್ ರಿಕ್ವೆಸ್ಟ್ ಬರುತ್ತದೆ. ಫೋಟೊ ಅವರದ್ದೇ, ಮ್ಯೂಚುವಲ್ ಫ್ರೆಂಡ್ಸ್ 14 ಮಂದಿ. ‘ಇವನು ಮೊದಲೇ ಲಿಸ್ಟಿನಲ್ಲಿ ಇದ್ದನಲ್ಲ’ ಎಂಬ ಸಣ್ಣ ಅನುಮಾನ ಸುಳಿದರೂ, ಹಳೆಯ ಖಾತೆಯ ಪಾಸ್‌ವರ್ಡ್ ಮರೆತು ಹೊಸತು ಮಾಡಿರಬೇಕೆಂದು ಅವರು ಒಪ್ಪಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಮೆಸೆಂಜರ್‌ನಲ್ಲಿ ‘ಹಾಯ್, ಹೇಗಿದ್ದೀರಿ? ಮನೆಯಲ್ಲಿ ಎಲ್ಲರೂ ಕ್ಷೇಮವೇ?’ ಎಂಬ ಸಂದೇಶ ಬರುತ್ತದೆ. ಎರಡು ಮಾತಾದ ಮೇಲೆ ವಿಷಯ ಹೊರಬೀಳುತ್ತದೆ: ಊರಿನಿಂದ ಬಂದ ಸಂಬಂಧಿಕರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಲಾಗಿದೆ, ಈಗಲೇ 18,500 ರೂಪಾಯಿ ಕಟ್ಟಬೇಕು, ದುಬೈಯಿಂದ ಕಳುಹಿಸಿದರೆ ನಾಳೆಯಷ್ಟೇ ತಲುಪುತ್ತದೆ, ಆದ್ದರಿಂದ ನೀವು ಈಗ ಗೂಗಲ್ ಪೇ ಮಾಡಿ, ನಾಳೆ ಬೆಳಿಗ್ಗೆ ಹಿಂದಿರುಗಿಸುತ್ತೇನೆ. ಕರೆ ಮಾಡಲು ಹೊರಟರೆ ‘ಮೀಟಿಂಗಿನಲ್ಲಿದ್ದೇನೆ, ಇಲ್ಲಿ ವಾಟ್ಸ್‌ಆ್ಯಪ್ ಕಾಲ್ ಬರುವುದಿಲ್ಲ’ ಎಂಬ ಉತ್ತರ ಸಿಗುತ್ತದೆ.

ಈ ಸಂಭಾಷಣೆಯಲ್ಲಿ ಪ್ರತಿಯೊಂದು ವಿವರಕ್ಕೂ ಒಂದು ಕೆಲಸವಿದೆ. ದುಂಡು ಮೊತ್ತದ ಬದಲು 18,500 ಎಂದಾಗ ಅದು ಬಿಲ್ಲಿನಂತೆ ಕಾಣುತ್ತದೆ. ಸ್ನೇಹಿತನಿಗೆ ಕೊಡಲಾಗದಷ್ಟು ದೊಡ್ಡದೂ ಅಲ್ಲ, ಮನೆಯವರಲ್ಲಿ ಕೇಳಿ ಕೊಡಬೇಕಾದಷ್ಟೂ ಅಲ್ಲ. ವಾಟ್ಸ್‌ಆ್ಯಪ್ ಕರೆ ಬರುವುದಿಲ್ಲ ಎಂಬುದಂತೂ ಅರ್ಧ ಸತ್ಯ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಮೂಲಕ ಮಾತನಾಡುವುದಕ್ಕೆ ಬಹುಕಾಲದಿಂದ ನಿರ್ಬಂಧವಿದ್ದು, ಅಲ್ಲಿನವರು ಊರಿಗೆ ಕರೆ ಮಾಡಲು ಬೋಟಿಮ್‌ನಂಥ ಆ್ಯಪ್‌ಗಳನ್ನು ಬಳಸುತ್ತಾರೆಂಬುದು ಕೊಲ್ಲಿಯ ನಂಟಿರುವ ಮನೆಗಳಿಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಈ ನೆಪವನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಆ ನಿರ್ಬಂಧ ಇರುವುದು ಕರೆಗಳಿಗೆ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶವನ್ನು ಅಲ್ಲಿಂದಲೂ ಕಳುಹಿಸಬಹುದು, ಸಾಮಾನ್ಯ ಅಂತರರಾಷ್ಟ್ರೀಯ ಕರೆಯೂ ಹೋಗುತ್ತದೆ.

ಅಂಗಡಿಯವರು ಹಣ ಕಳುಹಿಸುವ ಮುನ್ನ ಏನನ್ನು ನೋಡಬಹುದಿತ್ತು? ಸುಲಭವಾಗಿ ಕಣ್ಣಿಗೆ ಬೀಳುವಂಥದ್ದು ಮಾತಿನ ಧಾಟಿ. ಬೆಂಚು ಹಂಚಿಕೊಂಡ ಸಹಪಾಠಿ ‘ನೀವು’ ಎನ್ನುವುದಿಲ್ಲ. ‘ಎಂಚ ಉಲ್ಲ ಮಾರಾಯ’ ಎಂದು ತುಳುವಿನಲ್ಲಿ ಶುರು ಮಾಡುವವನು ಹಠಾತ್ತನೆ ಪಠ್ಯಪುಸ್ತಕದ ಕನ್ನಡಕ್ಕೋ ಇಂಗ್ಲಿಷಿಗೋ ಹಿಂದಿಗೋ ತಿರುಗುವುದಿಲ್ಲ. ಅನುಮಾನ ಬಂದರೆ ತುಳುವಿನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ ಎಂಬ ಸಲಹೆ ನಮ್ಮ ಕಡೆ ಬಾಯಿಂದ ಬಾಯಿಗೆ ಹರಡಿದೆ. ಉತ್ತರ ತಪ್ಪಿದರೆ ವಂಚಕನೆಂದು ತಿಳಿಯಬಹುದಾದರೂ, ಉತ್ತರ ಸರಿಯಾಗಿದ್ದ ಮಾತ್ರಕ್ಕೆ ಸ್ನೇಹಿತನೆಂದು ತೀರ್ಮಾನಿಸುವಂತಿಲ್ಲ. 2024ರ ಜೂನ್‌ನಲ್ಲಿ ಗೂಗಲ್ ತನ್ನ ಅನುವಾದ ಸೇವೆಗೆ ಸೇರಿಸಿದ 110 ಹೊಸ ಭಾಷೆಗಳಲ್ಲಿ ತುಳುವೂ ಒಂದು. ಅದರ ತುಳು ಎಷ್ಟೇ ಅಡ್ಡಾದಿಡ್ಡಿಯಾಗಿದ್ದರೂ, ಚಾಟಿನ ಅವಸರದಲ್ಲಿ ಎರಡು ಸಾಲು ಓದುವವರಿಗೆ ಅದು ನಡೆದುಹೋಗುತ್ತದೆ. ಅಷ್ಟೇ ಅಲ್ಲ, ತುಳು ಮಾತನಾಡುವ ವಂಚಕ ಇರಲಾರ ಎಂದು ಯಾವ ಕಾನೂನೂ ಹೇಳಿಲ್ಲ. ನಮ್ಮ ಹೆಡ್‌ಮಾಸ್ಟರ ಹೆಸರೇನು, ನನ್ನ ಮಗಳು ಏನು ಓದುತ್ತಿದ್ದಾಳೆ ಎಂಬಂಥ ಪ್ರಶ್ನೆಗಳ ಹಣೆಬರಹವೂ ಇದೇ. ಶಾಲೆಯ ಹಳೆವಿದ್ಯಾರ್ಥಿಗಳ ಗುಂಪಿನ ಫೋಟೊ, ಅದರ ಕೆಳಗಿನ ಕಮೆಂಟುಗಳು, ಮಗಳ ಫಲಿತಾಂಶದ ದಿನ ನಾವೇ ಹಾಕಿದ ಪೋಸ್ಟು ಇವೆಲ್ಲ ಫೇಸ್‌ಬುಕ್ಕಿನಲ್ಲೇ ಬಿದ್ದಿರುವಾಗ ಉತ್ತರ ಹುಡುಕುವುದು ಕಷ್ಟವಲ್ಲ.

ಮ್ಯೂಚುವಲ್ ಫ್ರೆಂಡ್ಸ್ ಸಂಖ್ಯೆಯ ಮೇಲೆ ಜನ ಇಡುವ ಭರವಸೆ ನನ್ನ ದೃಷ್ಟಿಯಲ್ಲಿ ಇಡೀ ವ್ಯವಹಾರದ ಅತಿ ದುರ್ಬಲ ಕೊಂಡಿ. ಆ 14 ಮಂದಿ ಖಾತೆಯನ್ನು ಪರಿಶೀಲಿಸಿ ಒಪ್ಪಿದವರಲ್ಲ. ನಮ್ಮಂತೆಯೇ ಫೋಟೊ ನೋಡಿ ಒಪ್ಪಿದವರು. ಮೊದಲ ಇಬ್ಬರು ಒಪ್ಪಿದ್ದನ್ನು ಕಂಡು ಮೂರನೆಯವರು, ಮೂವರನ್ನು ಕಂಡು ನಾಲ್ಕನೆಯವರು ಒಪ್ಪುತ್ತಾ ಹೋಗುತ್ತಾರೆ. ವಂಚಕ ಮೊದಲು ರಿಕ್ವೆಸ್ಟ್ ಹರಡಿ, ಹಣದ ಮಾತನ್ನು ಆಮೇಲೆ ತೆಗೆಯುವುದರ ಹಿಂದಿನ ಲೆಕ್ಕಾಚಾರ ಇದೇ.

ಇದಕ್ಕಿಂತ ಗಟ್ಟಿಯಾದ ಸುಳಿವು ಚಾಟಿನ ಚರಿತ್ರೆಯಲ್ಲಿದೆ. ಹತ್ತು ವರ್ಷಗಳ ಸ್ನೇಹಿತನ ಚಾಟಿನಲ್ಲಿ ಹಳೆಯ ಹುಟ್ಟುಹಬ್ಬದ ಹಾರೈಕೆ, ದೀಪಾವಳಿಯ ಚಿತ್ರ, ಯಾವುದೋ ಯಕ್ಷಗಾನದ ವಿಡಿಯೊ ಹೀಗೆ ಏನಾದರೂ ಮೇಲೆ ಇರಲೇಬೇಕು. ಇಂದಿನ ‘ಹಾಯ್’ನಿಂದಲೇ ಚಾಟ್ ಆರಂಭವಾಗುತ್ತಿದ್ದರೆ, ಮೆಸೆಂಜರ್‌ನ ಹುಡುಕಾಟದಲ್ಲಿ ಆ ಹೆಸರನ್ನು ಬರೆದು ನೋಡಬೇಕು. ಹಳೆಯ ಚಾಟ್ ಬೇರೆಯಾಗಿ ಕಾಣಿಸಿದರೆ ಒಂದೇ ಹೆಸರಿನಲ್ಲಿ ಎರಡು ಖಾತೆಗಳಿವೆ ಎಂಬುದು ಖಚಿತವಾಗುತ್ತದೆ. ಮುಂದಿನ ಹೆಜ್ಜೆಯಾಗಿ ಹಳೆಯ ಚಾಟಿನಲ್ಲೇ ‘ನೀನು ಹೊಸ ಖಾತೆ ಮಾಡಿದ್ದೀಯಾ?’ ಎಂದು ಕೇಳಬಹುದು. ಹಳೆಯದು ಸ್ನೇಹಿತನ ಕೈಯಲ್ಲೇ ಇದ್ದರೆ ಉತ್ತರ ಅಲ್ಲಿಂದಲೇ ಬರುತ್ತದೆ.

ಪ್ರೊಫೈಲಿನ ವಿಳಾಸವನ್ನೂ ಹೋಲಿಸಬಹುದು. ಪ್ರೊಫೈಲಿನಲ್ಲಿರುವ ಮೂರು ಚುಕ್ಕಿಗಳನ್ನು ಒತ್ತಿ ಲಿಂಕನ್ನು ನಕಲು ಮಾಡಿ ನೋಡಿದರೆ, ಬಳಕೆದಾರರ ಹೆಸರೋ facebook.com/profile.php?id= ಎಂಬುದರ ಮುಂದೆ ಒಂದು ಉದ್ದದ ಸಂಖ್ಯೆಯೋ ಕಾಣಿಸುತ್ತದೆ. ಹಲವು ವರ್ಷ ಹಳೆಯ ಖಾತೆಗಳ ಸಂಖ್ಯೆ ಸಾಮಾನ್ಯವಾಗಿ 1000 ಎಂದು ಆರಂಭವಾಗುತ್ತಿದ್ದರೆ, ಈಚೆಗೆ ತೆರೆದ ಖಾತೆಗಳಲ್ಲಿ 61ರಿಂದ ಆರಂಭವಾಗುವ ಸಂಖ್ಯೆಗಳು ಕಾಣಸಿಗುತ್ತವೆ. ಇದು ಖಾತೆ ಹೊಸದೆಂಬುದಕ್ಕೆ ಸೂಚನೆಯೇ ಹೊರತು ನಕಲಿ ಎಂಬುದಕ್ಕೆ ಸಾಕ್ಷಿಯಲ್ಲ. ಇನ್‌ಸ್ಟಾಗ್ರಾಮ್‌ನಲ್ಲಾದರೆ ಅದೇ ಮೂರು ಚುಕ್ಕಿಗಳ ಕೆಳಗಿನ ‘About this account’ ಎಂಬಲ್ಲಿ, ಖಾತೆ ಸೇರಿದ ತಿಂಗಳು ಮತ್ತು ವರ್ಷ ಅನೇಕ ಖಾತೆಗಳಿಗೆ ಸಿಗುತ್ತದೆ. ಪೋಸ್ಟುಗಳ ದಿನಾಂಕವನ್ನು ಮಾತ್ರ ನೆಚ್ಚಿಕೊಳ್ಳಬಾರದು, ಏಕೆಂದರೆ ಇಂದು ಹಾಕಿದ ಫೋಟೊಗೆ ಹಿಂದಿನ ದಿನಾಂಕ ಕೊಡಲು ಫೇಸ್‌ಬುಕ್ ಅವಕಾಶ ನೀಡುತ್ತದೆ. ಬೇರೆಯವರು ಟ್ಯಾಗ್ ಮಾಡಿದ ಫೋಟೊಗಳು, ಹಳೆಯ ಹುಟ್ಟುಹಬ್ಬದ ಹಾರೈಕೆಗಳು ಇಲ್ಲದಿರುವುದನ್ನು ಗಮನಿಸುವುದು ಅದಕ್ಕಿಂತ ಮೇಲು. ಇಲ್ಲಿಯೂ ಒಂದು ತೊಡಕಿದೆ. 2020ರಲ್ಲಿ ಭಾರತದಲ್ಲಿ, ಮುಖ್ಯವಾಗಿ ಮಹಿಳೆಯರ ರಕ್ಷಣೆಗೆಂದು, ಬಂದ ‘ಪ್ರೊಫೈಲ್ ಲಾಕ್’ ಸೌಲಭ್ಯವನ್ನು ನಕಲಿ ಖಾತೆಯೂ ಹಾಕಿಕೊಂಡರೆ, ರಿಕ್ವೆಸ್ಟ್ ಒಪ್ಪುವ ತನಕ ಇದಾವುದೂ ನಮಗೆ ಕಾಣುವುದಿಲ್ಲ.

ಇಷ್ಟೆಲ್ಲ ಸುಳಿವುಗಳಿಗೂ ಒಂದೇ ಮಿತಿಯಿದೆ: ಅವೆಲ್ಲ ಇರುವುದು ವಂಚಕ ಕಟ್ಟಿದ ಮನೆಯೊಳಗೆ. ಅಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸುವವನೂ ಅವನೇ, ತೋರಿಸುವ ದಾಖಲೆಯನ್ನು ಆರಿಸುವವನೂ ಅವನೇ. ಆದ್ದರಿಂದ ಹಣದ ವಿಷಯ ಬಂದ ಕ್ಷಣ ಪರಿಶೀಲನೆ ಆ ಚಾಟಿನಿಂದ ಹೊರಗೆ ಬರಬೇಕು. ಫೋನಿನಲ್ಲಿ ಮೊದಲೇ ಉಳಿಸಿಕೊಂಡಿರುವ ಸಂಖ್ಯೆಗೆ ಕರೆ ಮಾಡಬೇಕು. ಚಾಟಿನಲ್ಲಿ ಕೊಟ್ಟ ‘ಹೊಸ ನಂಬರ್’ಗೆ ಮಾಡಿದ ಕರೆ ಪರಿಶೀಲನೆಯೇ ಅಲ್ಲ. ದುಬೈಯ ಸಂಖ್ಯೆ ಸಿಗದಿದ್ದರೆ ಊರಿನಲ್ಲಿರುವ ಅವರ ತಮ್ಮನಿಗೋ ಅತ್ತಿಗೆಗೋ ಫೋನ್ ಮಾಡಿ ‘ಅಣ್ಣ ಹೇಗಿದ್ದಾರೆ, ಆಸ್ಪತ್ರೆಯಲ್ಲಿ ಯಾರಾದರೂ ಇದ್ದಾರಂತೆ ಹೌದಾ?’ ಎಂದು ಕೇಳಿದರೆ ಎರಡು ನಿಮಿಷದಲ್ಲಿ ವಿಷಯ ತಿಳಿಯುತ್ತದೆ. ಯಾರ ಮನೆಯವರು ಯಾರೆಂದು ಎಲ್ಲರಿಗೂ ಗೊತ್ತಿರುವ ನಮ್ಮ ಊರುಗಳಲ್ಲಿ ಈ ದಾರಿ ಸದಾ ತೆರೆದೇ ಇರುತ್ತದೆ. ಜನ ಹಿಂಜರಿಯುವುದು ಮುಖ್ಯವಾಗಿ ಮರ್ಯಾದೆಯ ಕಾರಣಕ್ಕೆ. ಕಷ್ಟದಲ್ಲಿರುವವನ ಮೇಲೆ ಸಂಶಯಪಟ್ಟಂತಾಗುತ್ತದೆ, ಅವನು ಹಣ ಕೇಳಿದ ವಿಷಯ ಮನೆಯವರಿಗೆ ತಿಳಿದಂತಾಗುತ್ತದೆ ಎಂಬ ಸಂಕೋಚ. ‘ಮನೆಯಲ್ಲಿ ಹೇಳಬೇಡ, ಗಾಬರಿಯಾಗುತ್ತಾರೆ’ ಎಂಬ ಸಾಲನ್ನು ವಂಚಕರು ಸೇರಿಸುವುದು ಈ ಸಂಕೋಚವನ್ನು ನೆಚ್ಚಿಯೇ. ಹಣ ಕೇಳಿದ್ದನ್ನು ಹೇಳದೆ ಕುಶಲ ವಿಚಾರಿಸುವ ನೆಪದಲ್ಲಿ ಫೋನ್ ಮಾಡಿದರೂ ಕೆಲಸ ಆಗುತ್ತದೆ.

ವಾಟ್ಸ್‌ಆ್ಯಪ್ ಖಾತೆಯೇ ಅಪಹರಣವಾಗಿದ್ದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. ಆಗ ಸಂದೇಶ ಬರುವುದು ಸ್ನೇಹಿತನ ನಿಜವಾದ ಸಂಖ್ಯೆಯಿಂದ, ಹಳೆಯ ಚಾಟಿನ ಮುಂದುವರಿಕೆಯಾಗಿಯೇ; ಹೀಗಾಗಿ ಮೇಲಿನ ಚರಿತ್ರೆಯ ಸುಳಿವು ಅಲ್ಲಿ ನೆರವಿಗೆ ಬರುವುದಿಲ್ಲ. ಸಾಮಾನ್ಯ ಫೋನ್ ಕರೆ ಸಿಮ್ ಇರುವವರಿಗೇ ಹೋಗುವುದರಿಂದ ಆಗಲೂ ಅದೇ ಉಪಾಯ. ಅಪರೂಪಕ್ಕೆ, ಸ್ನೇಹಿತನಿಂದಲೇ *21* ಎಂದು ಆರಂಭವಾಗುವ ಸಂಕೇತವೊಂದನ್ನು ಒತ್ತಿಸಿ ಅವರ ಕರೆಗಳನ್ನೂ ವಂಚಕರು ತಮ್ಮ ಸಂಖ್ಯೆಗೆ ತಿರುಗಿಸಿಕೊಂಡಿರುತ್ತಾರೆ. ಕರೆ ಎತ್ತಿದ ಧ್ವನಿ ಅಪರಿಚಿತವೆನಿಸಿದರೆ ಮನೆಯವರ ಸಂಖ್ಯೆಯೇ ಗತಿ.

ಇನ್ನೊಂದು ತಡೆಗೋಡೆ ಇರುವುದು ಹಣ ಕಳುಹಿಸುವ ಪರದೆಯಲ್ಲಿ. ಯುಪಿಐ ವ್ಯವಸ್ಥೆಯನ್ನು ನಡೆಸುವ ಎನ್‌ಪಿಸಿಐ, ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕಳುಹಿಸುವಾಗ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂದು ಆ್ಯಪ್‌ಗಳಿಗೆ ಸೂಚಿಸಿ, ಅದಕ್ಕೆ 2025ರ ಜೂನ್ 30ರ ಗಡುವು ಕೊಟ್ಟಿತ್ತು. ಅದಕ್ಕೂ ಮುಂಚೆ ಬಳಕೆದಾರ ತಾನೇ ಬರೆದುಕೊಂಡ ಹೆಸರೋ ನಮ್ಮ ಫೋನಿನಲ್ಲಿ ನಾವು ಉಳಿಸಿಕೊಂಡ ಹೆಸರೋ ಕಾಣುವ ಸಾಧ್ಯತೆ ಇತ್ತು. ಆದ್ದರಿಂದ ಪಿನ್ ಒತ್ತುವ ಮುನ್ನ ಪರದೆಯ ಮೇಲೆ ಬರುವ ಹೆಸರು ಫೋಟೊ, ಪ್ರೊಫೈಲುಗಳಿಗಿಂತ ಹೆಚ್ಚು ನಂಬಲರ್ಹ. ಇಂಥ ವಂಚನೆಯಲ್ಲಿ ಹಣ ಹೋಗುವುದು ಸಾಮಾನ್ಯವಾಗಿ ಬಾಡಿಗೆಗೆ ಪಡೆದ ಅಥವಾ ಕಮಿಷನ್ ಆಸೆಗೆ ಕೊಟ್ಟ ಬೇರೊಬ್ಬರ ಖಾತೆಗೆ, ಹೀಗಾಗಿ ಅಲ್ಲಿ ಮೂಡುವ ಹೆಸರು ಸ್ನೇಹಿತನದ್ದಾಗಿರುವುದಿಲ್ಲ.

ವಂಚಕನಿಗೂ ಇದು ತಿಳಿದಿದೆ. ನಮ್ಮ ಪ್ರಸಂಗದಲ್ಲಿ ಅವನು ಕೇಳುವ ಮೊದಲೇ ‘ಅದು ಆಸ್ಪತ್ರೆಯ ಕ್ಯಾಷಿಯರ್ ನಂಬರ್, ಬೇರೆ ಹೆಸರು ಬರುತ್ತದೆ’ ಎನ್ನುತ್ತಾನೆ. ಈ ಹಂತದಲ್ಲಿ ಆಸ್ಪತ್ರೆಗಳ ರೀತಿ ಗೊತ್ತಿರುವವರಿಗೆ ಒಂದು ಅನುಕೂಲವಿದೆ. ಆಸ್ಪತ್ರೆಯ ಹಣ ಆಸ್ಪತ್ರೆಯ ಹೆಸರಿನ ಖಾತೆಗೆ, ಕೌಂಟರಿನಲ್ಲಿ ರಸೀದಿಯೊಡನೆ ಹೋಗುತ್ತದೆಯೇ ಹೊರತು ಕ್ಯಾಷಿಯರ್‌ನ ಸ್ವಂತ ಉಳಿತಾಯ ಖಾತೆಗೆ ಹೋಗುವುದಿಲ್ಲ. ‘ರೋಗಿಯ ಹೆಸರು, ವಾರ್ಡು, ಆಸ್ಪತ್ರೆ ಕೊಟ್ಟ ಐಪಿ ನಂಬರ್ ಕಳುಹಿಸು, ನನ್ನ ಭಾವ ಮಂಗಳೂರಿನಲ್ಲೇ ಇದ್ದಾರೆ, ಈಗಲೇ ಹೋಗಿ ಕೌಂಟರಿನಲ್ಲಿ ಕಟ್ಟುತ್ತಾರೆ’ ಎಂದು ಅಂಗಡಿಯವರು ಬರೆದರೆ, ನಿಜವಾದ ಸ್ನೇಹಿತನಿಗೆ ಹೋದ ಜೀವ ಬಂದಂತಾಗುತ್ತದೆ. ವಂಚಕ ಅದನ್ನು ಒಪ್ಪಲಾರ. ಅವನಿಂದ ಬರುವುದು ಸಿಡುಕು, ಇನ್ನಷ್ಟು ಅವಸರ ಅಥವಾ ‘ಪರವಾಗಿಲ್ಲ, ಐದು ಸಾವಿರವಾದರೂ ಹಾಕಿ’ ಎಂಬ ಚೌಕಾಸಿ. ಆಸ್ಪತ್ರೆಯ ಬಿಲ್ಲು ಚೌಕಾಸಿಗೆ ಇಳಿದಾಗ ಬೇರೆ ಪರೀಕ್ಷೆ ಬೇಕಿಲ್ಲ. ಕೆಲವರು ಜಾಗ್ರತೆಯೆಂದು ಮೊದಲು ಒಂದು ರೂಪಾಯಿ ಕಳುಹಿಸಿ ನೋಡುತ್ತಾರೆ. ಅದರಿಂದ ಆ ಖಾತೆ ಚಾಲ್ತಿಯಲ್ಲಿದೆ ಎಂದು ತಿಳಿಯುತ್ತದೆಯೇ ವಿನಾ ಅದು ಯಾರ ಕೈಯಲ್ಲಿದೆ ಎಂದು ತಿಳಿಯುವುದಿಲ್ಲ. ಕೊಟ್ಟಿರುವ ಯುಪಿಐ ಐಡಿ ಅಥವಾ ಮೊಬೈಲ್ ಸಂಖ್ಯೆಯ ಮೇಲೆ ಈಗಾಗಲೇ ದೂರು ಇದೆಯೇ ಎಂದು ನೋಡಲು ಕೇಂದ್ರ ಗೃಹ ಸಚಿವಾಲಯದ cybercrime.gov.in ಜಾಲತಾಣದಲ್ಲಿ ಶಂಕಿತರ ಹುಡುಕಾಟದ ವ್ಯವಸ್ಥೆಯಿದೆ. ಆದರೆ ದೂರು ಸಿಗದಿದ್ದರೆ ಖಾತೆ ಸಾಚಾ ಎಂದರ್ಥವಲ್ಲ, ಇನ್ನೂ ಯಾರೂ ದೂರು ಕೊಟ್ಟಿಲ್ಲ ಎಂದಷ್ಟೇ.

ಹಣ ಹೋಗಿಯೇ ಬಿಟ್ಟಿದ್ದರೆ ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು. ಯುಪಿಐ ವರ್ಗಾವಣೆಯನ್ನು ಕಳುಹಿಸಿದವರು ಹಿಂದೆಗೆದುಕೊಳ್ಳಲು ಬರುವುದಿಲ್ಲ, ಆದರೆ ಹಣ ತಲುಪಿದ ಖಾತೆಯಲ್ಲೇ ಇನ್ನೂ ಉಳಿದಿದ್ದರೆ ಅದನ್ನು ತಡೆಹಿಡಿಯಲು ಸಾಧ್ಯ. 1930ರಲ್ಲಿ ದಾಖಲಾದ ದೂರು ಬ್ಯಾಂಕುಗಳನ್ನು ಜೋಡಿಸಿರುವ ವ್ಯವಸ್ಥೆಯ ಮೂಲಕ ಹಣ ಹೋದ ಬ್ಯಾಂಕಿಗೆ ತಲುಪುತ್ತದೆ. ಅಲ್ಲಿಂದ ಮುಂದಿನ ಖಾತೆಗೆ ಹೋಗಿದ್ದರೆ ದೂರು ಅದರ ಬೆನ್ನು ಹತ್ತುತ್ತದೆ. ಎಟಿಎಂನಿಂದ ನಗದಾಗಿ ಹೊರಬಿದ್ದ ಮೇಲೆ ತಡೆಹಿಡಿಯಲು ಏನೂ ಉಳಿಯುವುದಿಲ್ಲ. ‘ನಾಳೆ ಬೆಳಿಗ್ಗೆ ಕೊಡುತ್ತೇನೆ’ ಎಂಬ ವಂಚಕನ ಮಾತಿಗೆ ನಿಜವಾದ ಬೆಲೆ ಬರುವುದು ಇಲ್ಲಿಯೇ: ಬೆಳಗಿನ ತನಕ ಕಾಯಿಸಿದರೆ ಆ ಹೊತ್ತಿಗೆ ಹಣ ಕೈ ದಾಟಿರುತ್ತದೆ. ಕರೆ ಮಾಡುವಾಗ ಯುಪಿಐ ಆ್ಯಪ್‌ನಲ್ಲಿ ಸಿಗುವ 12 ಅಂಕಿಯ ಯುಟಿಆರ್ ಸಂಖ್ಯೆ, ಮೊತ್ತ, ಸಮಯ ಮತ್ತು ಹಣ ಪಡೆದ ಐಡಿ ಕೈಯಲ್ಲಿರಬೇಕು. ಆಮೇಲೆ ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಅಪರಾಧ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಬೇರೆಯವರ ಗುರುತನ್ನು ಬಳಸಿ ಕಂಪ್ಯೂಟರ್ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡಕ್ಕೆ ಅರ್ಹವಾದ ಅಪರಾಧ. ಬ್ಯಾಂಕೇ ನಷ್ಟ ತುಂಬಿಕೊಡುತ್ತದೆ ಎಂಬ ನಿರೀಕ್ಷೆ ಮಾತ್ರ ಬೇಡ. ಗ್ರಾಹಕರ ಹೊಣೆಯನ್ನು ಸೀಮಿತಗೊಳಿಸಿ ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆ ಗ್ರಾಹಕರ ಒಪ್ಪಿಗೆಯಿಲ್ಲದೆ ನಡೆದ ವಹಿವಾಟುಗಳ ಕುರಿತದ್ದಾಗಿತ್ತು; ಇಲ್ಲಿ ಪಿನ್ ಒತ್ತಿದವರು ಗ್ರಾಹಕರೇ.

ಹಣ ಹೋಗಿರಲಿ ಬಿಡಲಿ, ಸಿಟ್ಟಿನಲ್ಲಿ ನಕಲಿ ಖಾತೆಯನ್ನು ಬ್ಲಾಕ್ ಮಾಡುವ ಮುನ್ನ ಪ್ರೊಫೈಲಿನ ಲಿಂಕನ್ನು ನಕಲು ಮಾಡಿಟ್ಟುಕೊಂಡು ಇಡೀ ಚಾಟಿನ ಸ್ಕ್ರೀನ್‌ಶಾಟ್ ತೆಗೆದಿರಬೇಕು. ಕಳುಹಿಸಿದವನು ತನ್ನ ಸಂದೇಶಗಳನ್ನು ಎರಡೂ ಕಡೆಯಿಂದ ಅಳಿಸಬಲ್ಲ, ಖಾತೆಯ ಹೆಸರನ್ನೂ ಬದಲಿಸಬಲ್ಲ. ಲಿಂಕಿನಲ್ಲಿರುವ ಸಂಖ್ಯೆ ಮಾತ್ರ ಬದಲಾಗುವುದಿಲ್ಲ.

ಈಗ ದುಬೈಯ ಸ್ನೇಹಿತನ ಕಡೆಗೆ ಬರೋಣ. ವಿಷಯ ತಿಳಿದ ಕೂಡಲೇ ಅವರು ತಮ್ಮ ಹೆಸರನ್ನು ಹುಡುಕಿ ನೋಡುತ್ತಾರೆ, ಏನೂ ಕಾಣಿಸುವುದಿಲ್ಲ, ‘ನನಗಂತೂ ಯಾವ ನಕಲಿ ಖಾತೆಯೂ ಕಾಣುತ್ತಿಲ್ಲ ಮಾರಾಯ’ ಎಂದು ಉತ್ತರಿಸುತ್ತಾರೆ. ಅದಕ್ಕೆ ಕಾರಣ ಸರಳ: ನಕಲಿ ಖಾತೆ ಅಸಲಿ ಖಾತೆಯನ್ನು ಮೊದಲೇ ಬ್ಲಾಕ್ ಮಾಡಿರುತ್ತದೆ. ಆದ್ದರಿಂದ ರಿಪೋರ್ಟ್ ಮಾಡುವ ಕೆಲಸ ಬಹುಮಟ್ಟಿಗೆ ಅದನ್ನು ಕಾಣಬಲ್ಲ ಸ್ನೇಹಿತರ ಪಾಲಿಗೆ ಬರುತ್ತದೆ. ನಕಲಿ ಪ್ರೊಫೈಲಿನ ಮೂರು ಚುಕ್ಕಿಗಳಿಂದ ರಿಪೋರ್ಟ್‌ಗೆ ಹೋಗಿ, ಬೇರೆಯವರಂತೆ ನಟಿಸುತ್ತಿರುವ ಖಾತೆ ಎಂಬುದನ್ನು ಆರಿಸಿ, ಸ್ನೇಹಿತರ ಹೆಸರಿನಲ್ಲಿ ನಟಿಸುತ್ತಿದೆ ಎಂದು ಸೂಚಿಸಿ, ಅಸಲಿ ಖಾತೆಯನ್ನು ತೋರಿಸಬೇಕು. ‘ಸ್ಪ್ಯಾಮ್’ ಎಂದಷ್ಟೇ ಒತ್ತಿ ಬಿಟ್ಟರೆ ದೂರಿನ ನಿಜವಾದ ಕಾರಣ ಅಲ್ಲಿ ದಾಖಲಾಗುವುದಿಲ್ಲ.

ಇಂಥ ಹೊತ್ತಿನಲ್ಲಿ ಅಸಲಿ ಖಾತೆಯವರು ‘ನನ್ನ ಅಕೌಂಟ್ ಹ್ಯಾಕ್ ಆಗಿದೆ, ಯಾರೂ ರಿಪ್ಲೈ ಮಾಡಬೇಡಿ’ ಎಂದು ಬರೆಯುವುದು ರೂಢಿಯಾಗಿದ್ದು, ಅದರಿಂದ ಗೊಂದಲವೇ ಹೆಚ್ಚು. ಹ್ಯಾಕ್ ಆಗದ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ನಕಲಿ ಖಾತೆಗೆ ಏನೂ ಆಗುವುದಿಲ್ಲ. ಓದಿದವರು ಹಳೆಯ ಖಾತೆಯನ್ನೇ ಸಂಶಯಿಸಿ ಹೊಸದನ್ನು ನಂಬಿದರೂ ಆಶ್ಚರ್ಯವಿಲ್ಲ. ಈ ಖಾತೆ ನನ್ನದೇ, ಇದೇ ಹೆಸರಿನಲ್ಲಿ ಇನ್ನೊಂದಿದೆ, ಅದರ ಲಿಂಕ್ ಇದು, ನಾನು ಯಾರಲ್ಲೂ ಹಣ ಕೇಳಿಲ್ಲ ಎಂದು ಬಿಡಿಸಿ ಬರೆಯಬೇಕು, ಅದನ್ನು ಫೇಸ್‌ಬುಕ್ಕಿನಲ್ಲಿ ಹಾಕುವುದರ ಜತೆಗೆ ಕುಟುಂಬದ ಮತ್ತು ಹಳೆವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಿಗೂ ಕಳುಹಿಸಬೇಕು. ಅದೇ ದಿನ ಫೇಸ್‌ಬುಕ್ಕಿನ ಸೆಟ್ಟಿಂಗ್ಸ್‌ನಲ್ಲಿ ಸ್ನೇಹಿತರ ಪಟ್ಟಿಯನ್ನು ‘Only me’ ಎಂದು ಬದಲಿಸಿದರೆ ಮುಂದಿನ ನಕಲಿಗೆ ಪಟ್ಟಿ ಸುಲಭವಾಗಿ ಸಿಗುವುದಿಲ್ಲ. ಆದರೆ ಈಗಾಗಲೇ ನಕಲಾದ ಪಟ್ಟಿ ವಂಚಕನ ಬಳಿ ಉಳಿದೇ ಇರುತ್ತದೆ, ಎಲ್ಲರಿಗೂ ತೆರೆದಿರುವ ಫೋಟೊಗಳಿಗೆ ಲೈಕ್ ಒತ್ತಿದವರ ಹೆಸರುಗಳಿಂದಲೂ ಹೊಸ ಪಟ್ಟಿ ತಯಾರಾಗಬಲ್ಲದು. ಆದ್ದರಿಂದ ಒಂದು ನಕಲಿ ಖಾತೆ ಅಳಿದ ಮೇಲೆ ಅದೇ ಫೋಟೊ ಹೊತ್ತ ಇನ್ನೊಂದು ಖಾತೆ ಕೆಲವು ವಾರಗಳ ಬಳಿಕ ಅದೇ ಸ್ನೇಹಿತರಿಗೆ ರಿಕ್ವೆಸ್ಟ್ ಕಳುಹಿಸುವ ಸಾಧ್ಯತೆ ಇದ್ದೇ ಇರುತ್ತದೆ, ಆಗ ಹೊಸ ಲಿಂಕಿನೊಂದಿಗೆ ಮತ್ತೆ ಹೊಸದಾಗಿಯೇ ರಿಪೋರ್ಟ್ ಮಾಡಬೇಕಾಗುತ್ತದೆ.